ಬೈಕಿಗೆ ಕಟ್ಟಿದ ಸ್ಪೀಕರ್, ಮೇಜಿನ ಮೇಲಿನ ರೇಡಾರ್: ಡಾಪ್ಲರ್ ಅಳೆದ ನನ್ನ ಅನುಭವ

ಆಂಬುಲೆನ್ಸ್ ದಾಟಿ ಹೋಗುವಾಗ ಸೈರನ್ನಿನ ಸ್ವರ ಇಳಿಯುತ್ತದೆ, ಅದೇ ಡಾಪ್ಲರ್ ಪರಿಣಾಮ ಎಂದು ವಿಜ್ಞಾನ ಮೇಷ್ಟ್ರುಗಳೆಲ್ಲ ಪಾಠ ಮಾಡುತ್ತೇವೆ. ಎಷ್ಟು ಇಳಿಯುತ್ತದೆ ಎಂದು ಅಳೆದು ತೋರಿಸುವವರು ಕಡಿಮೆ. "ಹೈಸ್ಕೂಲ್ ಮಟ್ಟದಲ್ಲಿ ಆಗಲ್ಲ ಸಾರ್, ಅದಕ್ಕೆಲ್ಲ ದೊಡ್ಡ ಉಪಕರಣ ಬೇಕು" ಎಂದು ನನ್ನ ಜೊತೆಯ ಮೇಷ್ಟ್ರುಗಳೇ ಹೇಳಿದ್ದರು. ಒಂದು ಬೈಕು, ಎರಡು ಫೋನು, ಒಂದು ಪುಟ್ಟ ಸ್ಪೀಕರ್ ಸಾಕಾಯಿತು. ಆಮೇಲೆ ಮುನ್ನೂರು ನಾಲ್ಕುನೂರು ರೂಪಾಯಿಯ ರೇಡಾರ್ ಮಾಡ್ಯೂಲಿನಲ್ಲೂ ಅದೇ ಬೈಕಿನ ವೇಗ ಅಳೆದೆವು. ಎರಡು ಲೆಕ್ಕಗಳೂ ಹತ್ತಿರ ಹತ್ತಿರ ಬಂದವು. ನಮ್ಮ ತಾಲ್ಲೂಕಿನಲ್ಲಿ ಇದನ್ನು ಮಾಡಿದ ಬೇರೆ ಶಾಲೆ ನನಗಂತೂ ಗೊತ್ತಿಲ್ಲ.

ದುಡ್ಡು ಹೋಗಿದ್ದು ಶುರುವಿನಲ್ಲೇ. ಸೈರನ್ ಪಾಠಕ್ಕೆ ಸೈರನ್ನೇ ಬೇಕು ಎಂದು ಒಂದು ಸಣ್ಣ ಎಲೆಕ್ಟ್ರಾನಿಕ್ ಸೈರನ್ ತಂದೆ. ಐನೂರರ ಹತ್ತಿರ ಆಯಿತು. ಅದು ಕೆಲಸಕ್ಕೆ ಬರಲಿಲ್ಲ. ಸೈರನ್ ನಿಂತಲ್ಲೇ ತನ್ನ ಸ್ವರವನ್ನು ಏರಿಸಿ ಇಳಿಸುತ್ತಿರುತ್ತದೆ. ಇಳಿದದ್ದು ಬೈಕ್ ಓಡಿದ್ದರಿಂದಲೋ ಸೈರನ್ನಿನ ಸ್ವಭಾವದಿಂದಲೋ ಎಂದು ಬಿಡಿಸಲು ಆಗುವುದಿಲ್ಲ. ಆಮೇಲೆ ನಲವತ್ತು ಐವತ್ತು ರೂಪಾಯಿಯ ಬಜರ್ ಹಾಕಿದೆ. ಅದರದು ಒಂದೇ ಸ್ವರ, ನಿಜ. ಆದರೆ ಬ್ಯಾಟರಿ ಇಳಿದಂತೆ ಆ ಸ್ವರವೂ ಜಾರುತ್ತಿತ್ತು. ಕೊನೆಗೆ ಫೋನಿನಲ್ಲಿ ಟೋನ್ ಜನರೇಟರ್ ಆಪ್ ಹಾಕಿ, 2000 ಹರ್ಟ್ಸ್‌ಗೆ ಇಟ್ಟು, ಬ್ಲೂಟೂತ್ ಸ್ಪೀಕರನ್ನು ಬೈಕಿನ ಹ್ಯಾಂಡಲ್‌ಗೆ ಟೇಪಿನಲ್ಲಿ ಸುತ್ತಿದೆ. ಫೋನಿನೊಳಗಿನ ಗಡಿಯಾರ ನಡೆಯುವುದು ಹರಳಿನ ಮೇಲೆ. ಹಾಗಾಗಿ ಅದರ ಸ್ವರ ಅಲುಗಾಡುವುದಿಲ್ಲ.

ರೆಕಾರ್ಡಿಂಗ್ ಇನ್ನೂ ಜಾಸ್ತಿ ಕಾಡಿತು. ಫೋನಿನ ಮಾಮೂಲಿ ರೆಕಾರ್ಡರಿನಲ್ಲಿ ಸ್ವರ ಶುರುವಾದ ಒಂದೆರಡು ಸೆಕೆಂಡಿಗೆ ಮಂಕಾಗಿ ಮಾಯವಾಗುತ್ತಿತ್ತು. ಮೈಕ್ ಕೆಟ್ಟಿದೆ ಅನ್ನಿಸುವ ಹಾಗಿತ್ತು. ಅಸಲಿಗೆ ಫೋನಿನ ಗದ್ದಲ ತೆಗೆಯುವ ಸೌಲಭ್ಯ ಮಾತನ್ನು ಉಳಿಸಿ ಬೇರೆಯದನ್ನು ಅಳಿಸಲೆಂದೇ ಇರುವಂಥದ್ದು. ಒಂದೇ ಸಮ ಬರುವ ಸ್ವರವನ್ನು ಅದು ಫ್ಯಾನಿನ ಸದ್ದು ಎಂದು ಅಳಿಸುತ್ತದೆ. ಅದನ್ನು ಆಫ್ ಮಾಡಲು ಬಿಡುವ ಆಪ್ ಹುಡುಕಿ, ಸಂಕುಚಿತಗೊಳಿಸದ ವೇವ್ ಫೈಲ್ ಆಗಿ ಉಳಿಸಿಕೊಳ್ಳಿ. ಮೈಕಿಗೆ ಗಾಳಿ ಬಡಿಯದಂತೆ ನಾನು ಕಟ್ಟಿದ ಹೊದಿಕೆಯ ವಿಷಯ ಇಲ್ಲಿ ಬಿಟ್ಟಿದ್ದೇನೆ. ನೀವೇ ನಾಲ್ಕು ಬಟ್ಟೆ ಸುತ್ತಿ ನೋಡಿ, ಸಿಗುತ್ತದೆ.

ಈಗ ಮಕ್ಕಳಿಗೆ ನಾನು ಹೇಳಿದ ಲೆಕ್ಕ. ಸ್ಪೀಕರ್ ಸೆಕೆಂಡಿಗೆ 2000 ಸಲ ಗಾಳಿಯನ್ನು ಒತ್ತುತ್ತದೆ. 27 ಡಿಗ್ರಿ ಬಿಸಿಲಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 347 ಮೀಟರ್ ಹೋಗುತ್ತದೆ. ಬೈಕ್ ನಿಂತಿದ್ದರೆ ಒಂದು ಒತ್ತಿಗೂ ಮುಂದಿನ ಒತ್ತಿಗೂ ನಡುವೆ 17.35 ಸೆಂಟಿಮೀಟರ್ ಅಂತರ ಇರುತ್ತದೆ. ಬೈಕ್ ಸೆಕೆಂಡಿಗೆ 10 ಮೀಟರ್, ಅಂದರೆ ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಬರುತ್ತಿದೆ ಅನ್ನಿ. ಎರಡು ಒತ್ತುಗಳ ನಡುವೆ ಅದು ಅರ್ಧ ಸೆಂಟಿಮೀಟರ್ ಮುಂದೆ ಬಂದಿರುತ್ತದೆ. ಹಾಗಾಗಿ ಮುಂದಿನ ಅಲೆಗಳ ಅಂತರ 16.85ಕ್ಕೆ ಇಳಿಯುತ್ತದೆ, ಹಿಂದಿನದು 17.85ಕ್ಕೆ ಏರುತ್ತದೆ. ಆದರೆ ಶಬ್ದದ ವೇಗ ಬೈಕಿನಿಂದ ಹೆಚ್ಚೂ ಆಗಲ್ಲ, ಕಡಿಮೆಯೂ ಆಗಲ್ಲ. ಒತ್ತೊತ್ತಾಗಿ ಬಂದ ಅಲೆಗಳು ಸೆಕೆಂಡಿಗೆ 2059 ಸಲ ಕಿವಿಗೆ ಬಡಿಯುತ್ತವೆ. ದಾಟಿದ ಮೇಲೆ 1944 ಸಲ. ವ್ಯತ್ಯಾಸ 115 ಹರ್ಟ್ಸ್. ಸ್ವರ ಇಳಿಯುವುದು ಅಂದರೆ ಇಷ್ಟೇ.

ಸ್ಪೀಕರಿನ ನಿಜವಾದ ಸ್ವರ ಎಷ್ಟು ಎಂದು ಗೊತ್ತಿಲ್ಲದಿದ್ದರೂ ವೇಗ ಸಿಗುತ್ತದೆ. ಬರುವಾಗಿನ ಸ್ವರ f1, ಹೋಗುವಾಗಿನದು f2 ಎಂದು ಇಟ್ಟುಕೊಳ್ಳಿ.

v = 347 × (f1 − f2) / (f1 + f2)

ರೆಕಾರ್ಡಿಂಗನ್ನು ಆಡಾಸಿಟಿ ಎಂಬ ಧ್ವನಿ ತಂತ್ರಾಂಶದಲ್ಲಿ ತೆರೆದು, ಸಮಯ ಸರಿದಂತೆ ಸ್ವರ ಬದಲಾಗುವುದನ್ನು ಚಿತ್ರವಾಗಿ ತೋರಿಸುವ ಸ್ಪೆಕ್ಟ್ರೋಗ್ರಾಮ್ ಹಾಕಿದರೆ ಗೆರೆ ಮೇಲಿನಿಂದ ಕೆಳಗೆ ಮೆಟ್ಟಿಲಿನಂತೆ ಇಳಿಯುವುದು ಕಣ್ಣಿಗೇ ಕಾಣುತ್ತದೆ. ವಿಂಡೋ ಸೈಜ್ 2048 ಇಟ್ಟರೆ ಗೆರೆ ದಪ್ಪ, ಓದಲು ಆಗುವುದಿಲ್ಲ. ತುಂಬಾ ದೊಡ್ಡದಿಟ್ಟರೆ ಮೆಟ್ಟಿಲೇ ಕಲಸಿಹೋಗುತ್ತದೆ. 8192 ನನಗೆ ಸರಿ ಹೋಯಿತು. ಅದರಲ್ಲಿ ಐದಾರು ಹರ್ಟ್ಸ್‌ವರೆಗೆ ಓದಬಹುದು. ಅಂದರೆ ವೇಗದಲ್ಲಿ ಗಂಟೆಗೆ ಒಂದೂವರೆ ಎರಡು ಕಿಲೋಮೀಟರ್ ಆಚೀಚೆ. ಬೈಕಿನ ಮೀಟರ್ 40 ತೋರಿಸಿದಾಗ ನಮಗೆ ಸಿಕ್ಕಿದ್ದು 36ರ ಆಸುಪಾಸು. ಲೆಕ್ಕ ತಪ್ಪು ಎಂದು ಎಲ್ಲರೂ ಹಿಡಿದರು. ರಸ್ತೆಯಲ್ಲಿ 50 ಮೀಟರ್ ಟೇಪಿನಲ್ಲಿ ಅಳೆದು ಗುರುತು ಹಾಕಿ ಸ್ಟಾಪ್‌ವಾಚ್ ಹಿಡಿದೆವು. ಐದು ಸೆಕೆಂಡೇ ಬಂತು. ಗಾಡಿಯ ಮೀಟರುಗಳು ಸಾಮಾನ್ಯವಾಗಿ ವೇಗವನ್ನು ಸ್ವಲ್ಪ ಜಾಸ್ತಿಯೇ ತೋರಿಸುತ್ತವೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ನನಗೆ ಮೊದಲಿನಿಂದಲೂ ಕಿರಿಕಿರಿ. ಗಾಡಿ ಹತ್ತಿರ ಬಂದಂತೆ ಸ್ವರ ಏರುತ್ತದೆ ಎಂದು ಎಷ್ಟೋ ಮಂದಿ ಹೇಳುತ್ತಾರೆ. ಏರುವುದಿಲ್ಲ. ಒಂದೇ ವೇಗದಲ್ಲಿ ಬರುವ ಗಾಡಿಯ ಸ್ವರ ದೂರದಲ್ಲೇ ಮೇಲಿರುತ್ತದೆ, ಹತ್ತಿರ ಬಂದಂತೆ ಇಳಿಯುತ್ತಲೇ ಹೋಗುತ್ತದೆ. ಜೋರಾಗುವುದು ಸದ್ದು ಮಾತ್ರ. ಸದ್ದು ಜೋರಾದರೆ ಸ್ವರವೂ ಏರಿತು ಎಂದು ಕಿವಿಗೆ ಅನ್ನಿಸುತ್ತದೆ. ಸ್ಪೆಕ್ಟ್ರೋಗ್ರಾಮಿನ ಗೆರೆಯಲ್ಲಿ ಏರಿದ ಜಾಗ ತೋರಿಸಿ ಎಂದು ಕೇಳಿದರೆ ಯಾರೂ ತೋರಿಸಲಾರರು. ಮೈಕನ್ನು ರಸ್ತೆಯ ಅಂಚಿನಲ್ಲಿ, ಎರಡು ಮೀಟರ್ ದೂರದಲ್ಲಿ ಇಟ್ಟರೆ ಇಳಿತ ಒಂದು ಸೆಕೆಂಡಿನೊಳಗೆ ಮುಗಿಯುತ್ತದೆ. ಹದಿನೈದು ಮೀಟರ್ ಆಚೆ ಮೈದಾನದಲ್ಲಿ ಇಟ್ಟರೆ ಅದೇ ಇಳಿತ ಐದಾರು ಸೆಕೆಂಡು ನಿಧಾನವಾಗಿ ಜಾರುತ್ತದೆ. ಸ್ವರ ಬದಲಿಸುವುದು ನಮ್ಮ ಕಡೆಗೆ ಬರುವ ವೇಗದ ಪಾಲು ಮಾತ್ರ. ಗಾಡಿ ಎದುರಿಗೆ ಅಡ್ಡ ಹಾಯುವಾಗ ಆ ಪಾಲು ಸೊನ್ನೆ. ಈ ಮಾತು ರೇಡಾರಿನಲ್ಲಿ ಮತ್ತೆ ಬರುತ್ತದೆ.

ನಡುವೆ ಹಾರ್ಮೋನಿಯಂ ವಿಷಯ ಹೇಳಲೇಬೇಕು. ಗಂಟೆಗೆ 36 ಕಿಲೋಮೀಟರ್ ಹೋಗುವ ಗಾಡಿಯ ಸ್ವರ ಹೆಚ್ಚುಕಡಿಮೆ ಸರಿಯಾಗಿ ಒಂದು ಮನೆ ಇಳಿಯುತ್ತದೆ. 2059ನ್ನು 1944ರಿಂದ ಭಾಗಿಸಿ ನೋಡಿ, 1.059 ಬರುತ್ತದೆ. ಹಾರ್ಮೋನಿಯಂನಲ್ಲಿ ಪಕ್ಕಪಕ್ಕದ ಬಿಳಿ ಕಪ್ಪು ಮನೆಗಳ ನಡುವೆ ಇರುವುದೂ ಅದೇ ಅನುಪಾತ. 72ರಲ್ಲಿ ಹೋದರೆ ಎರಡು ಮನೆ. ಟೋನನ್ನು 500 ಹರ್ಟ್ಸ್‌ಗೆ ಇಳಿಸಿ ನಮ್ಮ ಸಂಗೀತದ ಮೇಡಂ ಅವರನ್ನು ರಸ್ತೆಯ ಪಕ್ಕ ಕೂರಿಸಿದೆ. ಕೇಳಿದ ತಕ್ಷಣ "ಒಂದೇ ಮನೆ ಸಾರ್" ಎಂದರು. ಇದು ಹೊಸ ಉಪಾಯವೂ ಅಲ್ಲ. ಡಾಪ್ಲರ್ 1842ರಲ್ಲಿ ಪ್ರಾಗ್‌ನಲ್ಲಿ ಈ ವಿಚಾರ ಮಂಡಿಸಿದ. 1845ರಲ್ಲಿ ಹಾಲೆಂಡಿನ ಬೈಸ್ ಬಾಲೊಟ್ ರೈಲಿನ ಮೇಲೆ ತುತ್ತೂರಿ ಊದುವವರನ್ನು ಹತ್ತಿಸಿ, ಹಳಿಯ ಪಕ್ಕ ಸಂಗೀತಗಾರರನ್ನು ನಿಲ್ಲಿಸಿ, ಬರೀ ಕಿವಿಯಿಂದಲೇ ಅದನ್ನು ಪರೀಕ್ಷಿಸಿದ.

ಇನ್ನು ರೇಡಾರ್. ನಾನು ಬಳಸಿದ್ದು HB100. 10.525 ಗಿಗಾಹರ್ಟ್ಸ್‌ನದು, 5 ವೋಲ್ಟ್‌ನಲ್ಲಿ ಓಡುತ್ತದೆ. ಇಲ್ಲಿ ಬೈಕ್ ಸದ್ದು ಮಾಡುವುದಿಲ್ಲ. ಮಾಡ್ಯೂಲ್ ಕಳಿಸಿದ ಅಲೆ ಬೈಕಿಗೆ ತಾಗಿ ವಾಪಸ್ ಬರುತ್ತದೆ. ಶಬ್ದದಲ್ಲಿ ಬದಲಾವಣೆ ನೂರಕ್ಕೆ ಮೂರರಷ್ಟಿತ್ತು. ಇಲ್ಲಿ ಸಾವಿರ ಕೋಟಿ ಹರ್ಟ್ಸ್‌ನಲ್ಲಿ ಕೇವಲ ಏಳುನೂರು ಹರ್ಟ್ಸ್. ನೇರವಾಗಿ ಅಳೆಯುವ ಮಾತೇ ಇಲ್ಲ. ಅದಕ್ಕೇ ಮಾಡ್ಯೂಲ್ ಒಳಗೆ ಒಂದು ಮಿಕ್ಸರ್ ಇದೆ. ಹೋಗುವ ಅಲೆಯನ್ನೂ ಬಂದ ಅಲೆಯನ್ನೂ ಬೆರೆಸಿ, ಅವೆರಡರ ವ್ಯತ್ಯಾಸವನ್ನು ಮಾತ್ರ ಅದು ಹೊರಗೆ ಕೊಡುತ್ತದೆ. ತಂಬೂರಿಯ ಎರಡು ತಂತಿ ಪೂರ್ತಿ ಕೂಡದಿದ್ದಾಗ ಕೇಳುವ ವಾಂವ್ ವಾಂವ್ ಕೂಡ ಇಂಥ ವ್ಯತ್ಯಾಸವೇ.

ಮಕ್ಕಳಿಗೆ ಇದನ್ನೂ ಸೂತ್ರವಿಲ್ಲದೆ ಹೇಳಬಹುದು. ಈ ಅಲೆಯ ಉದ್ದ 2.85 ಸೆಂಟಿಮೀಟರ್. ಬೈಕ್ ಅದರ ಅರ್ಧ, ಅಂದರೆ 1.425 ಸೆಂಟಿಮೀಟರ್ ಹತ್ತಿರ ಬಂದರೆ, ಹೋಗುವ ದಾರಿಯೂ ಬರುವ ದಾರಿಯೂ ಅಷ್ಟಷ್ಟು ಕಡಿಮೆಯಾಗಿ ಒಟ್ಟು ಒಂದು ಪೂರ್ತಿ ಅಲೆ ಕಡಿಮೆಯಾಗುತ್ತದೆ. ಮಿಕ್ಸರ್ ಒಂದು ಸಲ ಏರಿ ಇಳಿಯುತ್ತದೆ. ಸೆಕೆಂಡಿಗೆ 10 ಮೀಟರ್ ಬಂದರೆ ಇದು 702 ಸಲ ಆಗುತ್ತದೆ. 702 ಹರ್ಟ್ಸ್ ಅಂದರೆ ಕಿವಿಗೆ ಕೇಳುವ ಸ್ವರ! ಇಯರ್‌ಫೋನ್ ಹಾಕಿಕೊಂಡು ಬೈಕಿನ ವೇಗವನ್ನೇ ಕೇಳಬಹುದು. ಗಂಟೆಗೆ ಒಂದು ಕಿಲೋಮೀಟರ್‌ಗೆ ಹತ್ತೊಂಬತ್ತೂವರೆ ಹರ್ಟ್ಸ್ ಎಂದು ನೆನಪಿಟ್ಟರೆ ಸಾಕು.

ಇದೂ ಮೊದಲು ಹಾಳಾಗಿಯೇ ಶುರುವಾಯಿತು. ಮಾಡ್ಯೂಲಿನಿಂದ ಬರುವ ಸಂಕೇತ ಮೈಕ್ರೋವೋಲ್ಟ್‌ಗಳಲ್ಲಿ ಇರುತ್ತದೆ. ಆಪ್‌ಆಂಪ್‌ನಲ್ಲಿ ಸಾವಿರಪಟ್ಟು ಹಿಗ್ಗಿಸಬೇಕು. ಮೊಬೈಲ್ ಚಾರ್ಜರ್‌ನಿಂದ ಕರೆಂಟ್ ಕೊಟ್ಟರೆ ಅದರ ಗದ್ದಲವೂ ಸಾವಿರಪಟ್ಟು ಆಗುತ್ತದೆ. 9 ವೋಲ್ಟ್ ಬ್ಯಾಟರಿ ಮತ್ತು ಅದನ್ನು 5 ವೋಲ್ಟ್‌ಗೆ ಇಳಿಸುವ 7805 ಹಾಕಿದ ಮೇಲೆ ಶಾಂತವಾಯಿತು. ಹಿಗ್ಗಿಸುವಿಕೆಯನ್ನು ಎರಡು ಹಂತದಲ್ಲಿ ಹೇಗೆ ಹಂಚಿದೆ ಎನ್ನುವುದನ್ನು ಸದ್ಯ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ, ಜಿಲ್ಲಾ ಮಟ್ಟದ ಪ್ರದರ್ಶನ ಬಾಕಿ ಇದೆ.

ಆದರೂ ಖಾಲಿ ಕೊಠಡಿಯಲ್ಲಿ ರೇಡಾರ್ ಗಂಟೆಗೆ 5 ಕಿಲೋಮೀಟರ್ ಎಂದು ತೋರಿಸುತ್ತಲೇ ಇತ್ತು. ಯಾರೋ ನಡೆಯುತ್ತಿರುವ ಹಾಗೆ. ಮಾಡ್ಯೂಲ್ ಬದಲಿಸಿದೆ, ಇನ್ನೊಂದು ಮುನ್ನೂರು ಹೋಯಿತು, ಅದೂ 5 ತೋರಿಸಿತು. ಸಂಜೆ ಕರೆಂಟ್ ಹೋದಾಗ ಬ್ಯಾಟರಿಯಲ್ಲಿದ್ದ ರೇಡಾರ್ ಸೊನ್ನೆಗೆ ಬಂತು. ಕಾರಣ ತಲೆಯ ಮೇಲಿದ್ದ ಚೋಕ್ ಟ್ಯೂಬ್‌ಲೈಟ್. 50 ಹರ್ಟ್ಸ್ ಕರೆಂಟಿನಲ್ಲಿ ಅದರೊಳಗಿನ ಅನಿಲ ಸೆಕೆಂಡಿಗೆ 100 ಸಲ ಹೊತ್ತಿ ಮಂಕಾಗುತ್ತದೆ. ಹೊತ್ತಿದ ಅನಿಲ ರೇಡಾರ್ ಅಲೆಯನ್ನು ವಾಪಸ್ ಕಳಿಸುತ್ತದೆ. 100ನ್ನು 19.5ರಿಂದ ಭಾಗಿಸಿದರೆ 5.1. ಏನೂ ಚಲಿಸದೆ ವೇಗ ಬಂದದ್ದು ಹೀಗೆ. ನಿಮ್ಮ ರೇಡಾರ್ ಸದಾ 5 ತೋರಿಸಿದರೆ ಮೊದಲು ಲೈಟ್ ಆರಿಸಿ.

ರಸ್ತೆಗೆ ತಂದಾಗ ಬೈಕ್ ಅದೇ ವೇಗದಲ್ಲಿ ಬಂದರೂ 32, 33 ಬರುತ್ತಿತ್ತು. ಮಾಡ್ಯೂಲನ್ನು ರಸ್ತೆಯಿಂದ ದೂರ, ಓರೆಯಾಗಿ ಇಟ್ಟಿದ್ದೆವು. ಓರೆ 25 ಡಿಗ್ರಿ ಆದರೆ ವೇಗದ ನೂರರಲ್ಲಿ ತೊಂಬತ್ತು ಪಾಲು ಮಾತ್ರ ಕಾಣುತ್ತದೆ. ರಸ್ತೆಯಂಚಿಗೆ ತಂದು ಬೈಕ್ ಬರುವ ದಿಕ್ಕಿಗೇ ತಿರುಗಿಸಿದಾಗ 695ರಿಂದ 705 ಹರ್ಟ್ಸ್ ಸಿಕ್ಕಿತು. ಓರೆಯಿಂದ ವೇಗ ಕಡಿಮೆಯೇ ಕಾಣುತ್ತದೆ, ಜಾಸ್ತಿ ಎಂದೂ ಅಲ್ಲ.

ಆಮೇಲೆ ಹುಡುಗರು ಕ್ರಿಕೆಟ್ ಬಾಲ್ ಅಳೆಯೋಣ ಎಂದು ಹಟ ಹಿಡಿದರು. ಬಾಲ್ ಚಿಕ್ಕದು, ವಾಪಸ್ ಬರುವ ಅಲೆ ಬಹಳ ಕಡಿಮೆ. ಸ್ಟಂಪಿನ ಹಿಂದೆ ಬಲೆಯ ಆಚೆ ಮಾಡ್ಯೂಲ್ ಇಟ್ಟು, ಕೊನೆಯ ಮೂರು ನಾಲ್ಕು ಮೀಟರ್‌ನಲ್ಲಿ ಮಾತ್ರ ಗೆರೆ ಹಿಡಿಯಿತು. ನಮ್ಮ ಹತ್ತನೇ ಕ್ಲಾಸಿನ ವೇಗಿಯ ಬಾಲ್ 1550 ಹರ್ಟ್ಸ್ ಹತ್ತಿರ, ಅಂದರೆ ಗಂಟೆಗೆ 80 ಕಿಲೋಮೀಟರ್. ಬ್ಯಾಟು ಬೀಸಿದರೆ ಬ್ಯಾಟಿನ ಗೆರೆಯೂ ಅದರ ಮೇಲೆಯೇ ಬೀಳುತ್ತದೆ, ಹಾಗಾಗಿ ಬ್ಯಾಟ್ಸ್‌ಮನ್ ಇಲ್ಲದೆಯೇ ಹಾಕಿಸಿದೆವು. ಈ ಮಾಡ್ಯೂಲ್ ಬರುತ್ತಿದೆಯೋ ಹೋಗುತ್ತಿದೆಯೋ ಹೇಳುವುದಿಲ್ಲ, ವ್ಯತ್ಯಾಸ ಎಷ್ಟು ಎಂದಷ್ಟೇ ಹೇಳುತ್ತದೆ. ದಿಕ್ಕು ಬೇಕಿದ್ದರೆ ಕಾಲು ಅಲೆಯಷ್ಟು ಹಿಂದುಮುಂದಾಗಿ ಎರಡು ಸಂಕೇತ ಕೊಡುವ ಮಾಡ್ಯೂಲ್ ಬೇಕು. ಅದರ ಬೆಲೆ ಇದರ ಹಲವು ಪಟ್ಟು. ಮುಂದಿನ ವರ್ಷಕ್ಕೆ ಅದನ್ನು ತರಿಸಲು ಹಣ ಕೂಡಿಸುತ್ತಿದ್ದೇವೆ.