ಮೂಗಿನ ಮೇಲೆ ಎರಡು ಗೆರೆ

ನಮ್ಮ ಮನೆಯಲ್ಲಿ ಎಲ್ಲರದ್ದೂ ಅಜ್ಜನ ಮೂಗು. ಅಗಲ, ಹೊಳ್ಳೆಯೂ ದೊಡ್ಡದು. ಮಾಟುಂಗಾದಲ್ಲಿ ಚಿಕ್ಕಮ್ಮನ ಮಗಳ ಮದುವೆ ಇದ್ದಾಗ, ಡೊಂಬಿವಲಿಯ ಮನೆಯಲ್ಲೇ ಮೊದಲ ಸಲ ಮೂಗಿಗೆ ಕಾಂಟೂರ್ ಮಾಡಿಕೊಂಡು ಹೋದೆ, ಅಂದರೆ ಮೂಗು ಸಪೂರ ಕಾಣಲಿ ಅಂತ ಎರಡೂ ಪಕ್ಕ ನೆರಳಿನ ಹಾಗೆ ಗಾಢ ಬಣ್ಣ ಹಚ್ಚಿಕೊಂಡು. ಚಿಕ್ಕಮ್ಮ ಹತ್ತಿರ ಬಂದು ನೋಡಿ, "ಏನೇ ಇದು, ಮೂಗಿನ ಪಕ್ಕಕ್ಕೆಲ್ಲ ಅರಿಶಿನ ಹತ್ತಿದೆಯಲ್ಲ?" ಅಂದರು.

ತಪ್ಪು ಬಣ್ಣದ್ದು. ನಾನು ಹಚ್ಚಿದ್ದು ಬ್ರಾಂಜರ್. ಅದು ಬಿಸಿಲಿಗೆ ಮುಖ ಕಂದು ಬಣ್ಣಕ್ಕೆ ತಿರುಗಿದ ಹಾಗೆ ಕಾಣಿಸೋಕೆ ಇರುವುದು, ಅದರಲ್ಲಿ ಕಿತ್ತಳೆ ಬಣ್ಣ ಇರುತ್ತದೆ. ನಿಜವಾದ ನೆರಳು ಕಿತ್ತಳೆ ಇರುವುದಿಲ್ಲ, ಅಲ್ವಾ? ಈಗ ಬೂದಿ ಬೆರೆತಂಥ ಕಂದು ಬಣ್ಣದ ಕ್ರೀಮ್ ಸ್ಟಿಕ್ ಬಳಸುತ್ತೇನೆ. ನನ್ನ ಚರ್ಮಕ್ಕಿಂತ ಎರಡು ಶೇಡ್ ಗಾಢ, ಒಂಚೂರೂ ಮಿಂಚು ಇಲ್ಲದ್ದು.

ಫೌಂಡೇಶನ್ ಆದಮೇಲೆ, ಪೌಡರ್ ಹಾಕುವ ಮುಂಚೆ ಗೆರೆ ಎಳೆಯಬೇಕು. ಪೌಡರ್ ಮೇಲೆ ಕ್ರೀಮ್ ಹಚ್ಚಿದರೆ ತೇಪೆ ತೇಪೆಯಾಗುತ್ತದೆ. ಎರಡು ಗೆರೆಗಳ ನಡುವೆ ಎಷ್ಟು ಜಾಗ ಬಿಡುತ್ತೀರೋ, ಮೂಗು ಅಷ್ಟೇ ಅಗಲ ಕಾಣುತ್ತದೆ. ಮೊದಲು ನಾನು ಮೂಗಿನ ಅಂಚಿಗೇ ಎಳೆಯುತ್ತಿದ್ದೆ, ಅದರಿಂದ ಏನೂ ಪ್ರಯೋಜನವಾಗಲಿಲ್ಲ. ಈಗ ಮೂಗಿನ ನಟ್ಟನಡುವೆ ಒಂದು ಪೆನ್ಸಿಲ್ ಉದ್ದಕ್ಕೆ ಇಟ್ಟು, ಅದರ ಎರಡೂ ಪಕ್ಕ ಚುಕ್ಕೆ ಇಟ್ಟುಕೊಳ್ಳುತ್ತೇನೆ. ಹುಬ್ಬಿನ ಒಳತುದಿಯಿಂದ ಆ ಚುಕ್ಕೆಗಳ ಮೇಲೆ ನೇರ ಕೆಳಗೆ ಗೆರೆ. ಆಮೇಲೆ ಐಶ್ಯಾಡೋದ ಸಣ್ಣ ಬ್ರಶ್ಶಿನಿಂದ ಕೆನ್ನೆಯ ಕಡೆಗೆ ಮಾತ್ರ ತೀಡುತ್ತೇನೆ. ಒಳಗಡೆಗೆ ತೀಡಿದರೆ ಬಿಟ್ಟ ಜಾಗವೇ ಮುಚ್ಚಿಹೋಗಿ, ಮೂಗಿಡೀ ಕಪ್ಪಾಗುತ್ತದೆ. ಬ್ರಶ್ಶಿನಲ್ಲಿ ಉಳಿದಷ್ಟು ಬಣ್ಣ ಹೊಳ್ಳೆಗಳ ಹೊರಬದಿಗೆ ಸಾಕು.

ನಡುವೆ ಬೆಳಕಿಗೆ, ಒಂದು ಶೇಡ್ ತಿಳಿಯಾದ ಕನ್ಸೀಲರ್. ಬೆಂಕಿಕಡ್ಡಿಯಷ್ಟು ಸಪೂರ ಗೆರೆ, ಮೂಗಿನ ತುದಿಗೆ ಸ್ವಲ್ಪ ಮುಂಚೆಯೇ ನಿಲ್ಲಿಸಬೇಕು. ಮಿಂಚುವ ಹೈಲೈಟರ್ ನಾನು ಮುಟ್ಟುವುದೇ ಇಲ್ಲ. ಮುಂಬೈ ಸೆಖೆಯಲ್ಲಿ, ಲೋಕಲ್‌ನಲ್ಲಿ ನಿಂತು ಬಂದರೆ, ಮೂಗಿನ ಎಣ್ಣೆಯ ಜೊತೆ ಆ ಮಿಂಚೂ ಹರಡಿ ಮೂಗು ಇನ್ನೂ ಅಗಲವಾಗುತ್ತದೆ. ಕೊನೆಗೆ ಪೌಡರನ್ನು ಪಫ್‌ನಿಂದ ಒತ್ತಬೇಕು, ಉಜ್ಜಬಾರದು. ದಾರಿಯಲ್ಲಿ ಬೆವರಿದರೂ ಟಿಶ್ಯೂ ಒತ್ತುವುದಷ್ಟೇ.

ಇನ್ನೊಂದು ವಿಷಯ, ಮೂಗುತಿ. ನನ್ನ ಬಿಳಿ ಹರಳಿನದು ಸರಿಯಾಗಿ ಹೊಳ್ಳೆಯ ಮೇಲೇ ಹೊಳೆದು, ಯಾವುದನ್ನು ಮರೆಸಬೇಕೋ ಅಲ್ಲಿಗೇ ಕಣ್ಣು ಎಳೆಯುತ್ತಿತ್ತು. ಈಗ ಚಿನ್ನದ ಚಿಕ್ಕ ಬೊಟ್ಟು ಹಾಕುತ್ತೇನೆ. ತೆಗೆಯುವ ಮಾತಂತೂ ಇಲ್ಲ, ಅಮ್ಮ ಬಿಡಲ್ಲ.

ಮಾಡಿದ್ದು ಸರಿ ಇದೆಯಾ ಅಂತ ಬಾತ್‌ರೂಮ್ ಕನ್ನಡಿಯಲ್ಲಿ ಗೊತ್ತಾಗಲ್ಲ. ಕಿಟಕಿ ಹತ್ತಿರ ನಿಂತು ಅರ್ಧ ತಿರುಗಿ ನೋಡುತ್ತೇನೆ. ಗೆರೆ ಗೆರೆಯಾಗಿಯೇ ಕಂಡರೆ ಇನ್ನೂ ತೀಡಬೇಕು. ಫ್ಲ್ಯಾಶ್ ಹಾಕಿ ಒಂದು ಫೋಟೋನೂ ತೆಗೆಯುತ್ತೇನೆ.

ಆ ಮದುವೆಯ ಹುಡುಗಿಯ ಮಗುವಿನ ನಾಮಕರಣಕ್ಕೆ ಹೀಗೇ ಮಾಡಿಕೊಂಡು ಹೋದೆ. ಚಿಕ್ಕಮ್ಮ ಮೂಗಿನ ಸುದ್ದಿ ಎತ್ತಲಿಲ್ಲ, ಸೀರೆ ಎಲ್ಲಿ ತಗೊಂಡೆ ಅಂತ ಕೇಳಿದರು. ಎದುರಿಂದ ತೆಗೆದ ಫೋಟೋಗಳೆಲ್ಲ ಚೆನ್ನಾಗಿ ಬಂದಿವೆ. ಮಗುವನ್ನು ನೋಡಿ ಜೋರಾಗಿ ನಕ್ಕಿದ್ದು ಒಂದಿದೆ. ಹೊಳ್ಳೆ ಅರಳಿ, ಅದರಲ್ಲಿ ಮಾತ್ರ ಅಜ್ಜನ ಮೂಗೇ.