ತೊಗರಿಬೇಳೆ ಪೌಚಿನ ವಿನ್ಯಾಸಕಿಯಾಗಿ ನನ್ನ ಪರಿಚಯವನ್ನು ನಾನು ತಿದ್ದಿ ಬರೆದದ್ದು

ಕಲಬುರಗಿಯಲ್ಲಿ ಕುಳಿತು ಸ್ವತಂತ್ರವಾಗಿ ಪ್ಯಾಕೇಜಿಂಗ್ ವಿನ್ಯಾಸದ ಕೆಲಸ ಮಾಡುವ ನನ್ನ ಪೋರ್ಟ್‌ಫೋಲಿಯೊದ ಮೊದಲ ಪುಟದಲ್ಲಿ ಮೂರು ವರ್ಷ ಒಂದೇ ಪರಿಚಯವಿತ್ತು. ‘ನಾನು ಉತ್ಸಾಹಿ, ಸೃಜನಶೀಲ ಗ್ರಾಫಿಕ್ ಡಿಸೈನರ್. ಲೋಗೋ, ಮದುವೆ ಆಮಂತ್ರಣ, ಬ್ಯಾನರ್, ಪ್ಯಾಕೇಜಿಂಗ್ ಸೇರಿದಂತೆ ಎಲ್ಲ ಬಗೆಯ ವಿನ್ಯಾಸ ಮಾಡಿಕೊಡುತ್ತೇನೆ. ಗುಣಮಟ್ಟ ಮತ್ತು ಗ್ರಾಹಕರ ತೃಪ್ತಿಯೇ ನನ್ನ ಗುರಿ.’ ಬೀದರ್‌ ಕಡೆಯಿಂದ ಜೋಳದ ರೊಟ್ಟಿ ಪ್ಯಾಕ್ ಮಾಡುವ ಘಟಕದ ಒಬ್ಬ ಹೆಣ್ಣುಮಗಳು ಫೋನ್ ಮಾಡಿ, “ಅಕ್ಕಾರೆ, ನಿಮ್ಮ ಪೇಜ್ ನೋಡಿದೆವ್ರಿ, ಖರೇ ಹೇಳ್ಬೇಕಂದ್ರ ನೀವು ಲಗ್ನಪತ್ರಿಕಿ ಮಾಡೋರೋ ಪಾಕೀಟ್ ಮಾಡೋರೋ ತಿಳೀಲಿಲ್ಲ” ಎಂದು ಕೇಳಿದಾಗ, ಆ ಮೂರು ವಾಕ್ಯಗಳನ್ನು ಮತ್ತೆ ಓದಿದೆ. ನನ್ನ ಹೆಸರನ್ನು ತೆಗೆದು ಊರಿನ ಬೇರೆ ಯಾವ ಡಿಸೈನರ್ ಹೆಸರನ್ನು ಹಾಕಿದರೂ ಅವು ಹಾಗೆಯೇ ಸರಿಹೊಂದುತ್ತಿದ್ದವು. ಯಾರಿಗಾಗಿ ಕೆಲಸ ಮಾಡುತ್ತೇನೆ, ಮಾಡಿದ್ದರಿಂದ ಅವರಿಗೆ ಏನಾಯಿತು ಎಂಬ ಎರಡು ಮಾತುಗಳೂ ಅಲ್ಲಿರಲಿಲ್ಲ.

ಹೊಸ ವಾಕ್ಯ ಬರೆಯಲು ಕೂರುವ ಮೊದಲು ಬಿಲ್ಲುಗಳನ್ನು ತೆಗೆದೆ. ಯಾರಿಗೆ ಕೆಲಸ ಮಾಡುತ್ತೇನೆ ಎಂಬುದನ್ನು ನನ್ನ ಆಸೆಯಿಂದಲ್ಲ, ಲೆಕ್ಕದಿಂದ ತಿಳಿಯಬೇಕೆನಿಸಿತು. ಮೂರು ವರ್ಷದಲ್ಲಿ 61 ಬಿಲ್ಲುಗಳಿದ್ದವು. ಅವುಗಳಲ್ಲಿ 34 ಆಹಾರ ಪದಾರ್ಥಗಳ ಪೌಚ್ ವಿನ್ಯಾಸಕ್ಕೆ ಸಂಬಂಧಿಸಿದವು, ಉಳಿದವು ಆಮಂತ್ರಣ, ಅಂಗಡಿ ಬೋರ್ಡ್ ಮತ್ತು ಚಿಲ್ಲರೆ ಕೆಲಸಗಳು. ಆ 34 ವಿನ್ಯಾಸಗಳು ಬಂದದ್ದು 13 ಗ್ರಾಹಕರಿಂದ: ದಾಲ್ ಮಿಲ್ಲಿನವರು ಎಂಟು, ಮಸಾಲೆ ಮತ್ತು ಶೇಂಗಾ ಚಟ್ನಿಯವರು ಮೂವರು, ರೊಟ್ಟಿ ಘಟಕದವರು ಇಬ್ಬರು. ಎರಡನೇ ಸಲ ಮರಳಿ ಬಂದವರೆಲ್ಲರೂ ಈ ಹದಿಮೂರರೊಳಗೇ ಇದ್ದರು. ಹೀಗಾಗಿ ‘ಯಾರಿಗೆ’ ಎಂಬ ಪ್ರಶ್ನೆಗೆ ಒಂದೇ ಮಧ್ಯಾಹ್ನದಲ್ಲಿ ಉತ್ತರ ಸಿಕ್ಕಿತು. ಆಮಂತ್ರಣದ ಕೆಲಸ ಕೈಬಿಟ್ಟು ಹೋದೀತೆಂಬ ಅಂಜಿಕೆ ಇತ್ತು. ಆದರೆ ಅಂಥ ಕೆಲಸ ಬಂದದ್ದೆಲ್ಲ ಪರಿಚಯಸ್ಥರ ಬಾಯಿಮಾತಿನಿಂದ, ಪೋರ್ಟ್‌ಫೋಲಿಯೊ ನೋಡಿ ಒಂದೂ ಬಂದಿರಲಿಲ್ಲ. ಆದ್ದರಿಂದ ಅವರಿಗಾಗಿ ಅಲ್ಲಿ ಜಾಗ ಇಡುವ ಅಗತ್ಯವಿಲ್ಲವೆಂದು ತೀರ್ಮಾನಿಸಿದೆ.

ಕಷ್ಟವಾದದ್ದು ಫಲಿತಾಂಶದ ಮಾತು. ಕೆಲಸ ಮುಗಿದ ಮೇಲೆ ಏನಾಯಿತೆಂದು ನಾನು ಯಾರನ್ನೂ ಕೇಳಿರಲಿಲ್ಲ, ಬರೆದಿಟ್ಟಿರಲೂ ಇಲ್ಲ. ಒಬ್ಬೊಬ್ಬರಿಗೇ ಫೋನ್ ಮಾಡಲು ಶುರು ಮಾಡಿದೆ. ಮೊದಲ ಇಬ್ಬರಿಗೆ “ನನ್ನ ಕೆಲಸ ಹೆಂಗಿತ್ರಿ?” ಎಂದು ಕೇಳಿದೆ, ಇಬ್ಬರೂ “ಚಲೋ ಇತ್ತು” ಎಂದರು. ಆ ಉತ್ತರದಿಂದ ಒಂದು ಪದವನ್ನೂ ಪರಿಚಯಕ್ಕೆ ತರಲಾಗದು, ಯಾಕೆಂದರೆ ನಾನು ಕೇಳಿದ್ದು ಮೆಚ್ಚುಗೆಯನ್ನು. ಮೂರನೆಯವರಿಂದ ಪ್ರಶ್ನೆ ಬದಲಿಸಿದೆ. ನನ್ನ ಕಡೆ ಬರುವ ಮೊದಲು ಪೌಚ್ ಮಾಡಿಸುವಾಗ ಯಾವ ತೊಂದರೆ ಆಗುತ್ತಿತ್ತು, ನಾನು ಕೊಟ್ಟ ಫೈಲು ಪ್ರಿಂಟಿಂಗಿಗೆ ಹೋದ ಮೇಲೆ ಏನಾಯಿತು, ಎರಡನೇ ಸಲ ನನ್ನನ್ನೇ ಕರೆದದ್ದು ಯಾಕೆ ಎಂದು ಮೂರು ಮಾತು ಕೇಳಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಂಡೆ.

ನೆಹರು ಗಂಜ್‌ನಲ್ಲಿ ಅಂಗಡಿಯಿರುವ ಒಬ್ಬ ಮಿಲ್ ಮಾಲೀಕರು ಹೇಳಿದ್ದು ಇಡೀ ಪರಿಚಯದ ದಿಕ್ಕನ್ನೇ ಬದಲಿಸಿತು. “ನೋಡು ತಂಗಿ, ಚಿತ್ರ ಚಂದ ಅದ, ಅದು ಬ್ಯಾರೆ ಮಾತು. ನೀ ಕೊಟ್ಟ ಫೈಲಿಗೆ ಸಿಲಿಂಡರ್ ಎರಡನೇ ಸಲ ಮಾಡಿಸೋ ಪಾಳಿ ಬಂದಿಲ್ಲ. ಅದಕ್ಕ ನಿನ್ನ ಕಡೀನೇ ಬರ್ತೀವಿ.” ಈ ಕೆಲಸ ತಿಳಿಯದವರಿಗೆ ಒಂದು ಮಾತು ಹೇಳಬೇಕು. ಒಂದು ಕಿಲೋ, ಅರ್ಧ ಕಿಲೋ ಬೇಳೆಯ ಲ್ಯಾಮಿನೇಟೆಡ್ ಪೌಚುಗಳು ಹೆಚ್ಚಾಗಿ ಗ್ರ್ಯಾವ್ಯೂರ್ ವಿಧಾನದಲ್ಲಿ ಅಚ್ಚಾಗುತ್ತವೆ, ಅದರಲ್ಲಿ ಪ್ರತಿಯೊಂದು ಬಣ್ಣಕ್ಕೂ ಒಂದೊಂದು ಸಿಲಿಂಡರ್ ಕೊರೆಯಿಸಬೇಕು. ಕೊರೆದ ಮೇಲೆ ವಿಳಾಸದಲ್ಲಿ ಒಂದು ಅಂಕಿ ತಪ್ಪಿದೆಯೆಂದು ಗೊತ್ತಾದರೆ, ಆ ಬಣ್ಣದ ಸಿಲಿಂಡರನ್ನು ಮತ್ತೆ ಮಾಡಿಸಬೇಕಾಗುತ್ತದೆ ಮತ್ತು ಅಷ್ಟು ದಿನ ಮಾಲು ಗೋದಾಮಿನಲ್ಲೇ ಕೂರುತ್ತದೆ. ಇನ್ನೂ ನಾಲ್ವರು ಬೇರೆ ಬೇರೆ ಮಾತಿನಲ್ಲಿ ಇದನ್ನೇ ಹೇಳಿದರು. ಬಣ್ಣ ಮತ್ತು ಅಕ್ಷರದ ಚೆಲುವೇ ನನ್ನ ಬೆಲೆ ಎಂದು ನಾನು ತಿಳಿದಿದ್ದೆ. ಅವರು ಹಣ ಕೊಡುತ್ತಿದ್ದದ್ದು ತಪ್ಪಿಲ್ಲದ ಫೈಲಿಗೆ.

ಅವರ ಮಾತನ್ನು ನನ್ನ ಕಂಪ್ಯೂಟರಿನ ಫೈಲುಗಳ ಜೊತೆ ಹೋಲಿಸಿ ನೋಡಿದೆ. ಮೊದಲಿನ 13 ವಿನ್ಯಾಸಗಳಲ್ಲಿ ಎರಡಕ್ಕೆ ಕಪ್ಪು ಬಣ್ಣದ ಸಿಲಿಂಡರ್ ಮತ್ತೆ ಮಾಡಿಸಬೇಕಾಗಿತ್ತು. ಒಂದರಲ್ಲಿ ಗ್ರಾಹಕರ ದೂರಿನ ಫೋನ್ ನಂಬರಿನ ಒಂದು ಅಂಕಿಯನ್ನು ನಾನೇ ತಪ್ಪಾಗಿ ಹೊಡೆದಿದ್ದೆ, ಆ ಖರ್ಚನ್ನು ನಾನೇ ಕೊಟ್ಟೆ. ಅದರ ನಂತರ ಒಂದು ಪರಿಶೀಲನಾ ಪಟ್ಟಿ ಮಾಡಿಕೊಂಡೆ. 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರು, ಹಸಿರು ಚೌಕದೊಳಗಿನ ಹಸಿರು ಚುಕ್ಕಿ, ತಯಾರಕರ ಪೂರ್ಣ ವಿಳಾಸ, ನಿವ್ವಳ ತೂಕದ ಅಂಕಿಗೆ ಇರಬೇಕಾದ ಎತ್ತರ, ಎಂಆರ್‌ಪಿ ಮತ್ತು ತಾರೀಖನ್ನು ಆಮೇಲೆ ಮಷಿನಿನಿಂದ ಹೊಡೆಯಲು ಶಾಯಿ ಹಿಡಿಯುವಂಥ ಖಾಲಿ ಜಾಗ ಇವೆಲ್ಲವನ್ನೂ ಮಾಲೀಕರ ಮುಂದೆ ಕೂತು, ಅವರ ಕಾಗದಪತ್ರದ ಜೊತೆ ತಾಳೆ ನೋಡಿ ಸಹಿ ಹಾಕಿಸಿಕೊಳ್ಳುತ್ತೇನೆ. ಪಟ್ಟಿ ಬಂದ ನಂತರದ 21 ವಿನ್ಯಾಸಗಳಲ್ಲಿ ಬರಹದ ತಪ್ಪಿಗೆ ಒಂದು ಸಿಲಿಂಡರೂ ಮತ್ತೆ ಮಾಡಿಸುವಂತಾಗಿರಲಿಲ್ಲ. ಫೈಲುಗಳ ಹೆಸರಿನ ಕೊನೆಯ ಅಂಕಿಯನ್ನು ಎಣಿಸಿದಾಗ, ಮೊದಲು ಐದಾರು ಸಲ ನಡೆಯುತ್ತಿದ್ದ ತಿದ್ದುಪಡಿ ಈಗ ಹೆಚ್ಚಿನ ಕೆಲಸಗಳಲ್ಲಿ ಎರಡೇ ಸಲಕ್ಕೆ ಮುಗಿಯುತ್ತಿತ್ತು ಎಂಬುದೂ ಕಂಡಿತು. ಈ ಲೆಕ್ಕ ನನ್ನಲ್ಲೇ ಇತ್ತು, ನೋಡಿರಲಿಲ್ಲ ಅಷ್ಟೆ.

ಇಷ್ಟರಲ್ಲೇ ಒಂದು ದೊಡ್ಡ ಆಸೆ ಎದುರಾಯಿತು. ಒಬ್ಬ ಮಾಲೀಕರು, ಹೊಸ ಪೌಚ್ ಬಂದ ಮೇಲೆ ಅರ್ಧ ಕಿಲೋದ ಮಾರಾಟ ಹೆಚ್ಚೂಕಡಿಮೆ ಎರಡು ಪಟ್ಟಾಯಿತು ಎಂದರು. ‘ನನ್ನ ವಿನ್ಯಾಸದಿಂದ ಮಾರಾಟ ದುಪ್ಪಟ್ಟು’ ಎಂದು ಅದೇ ರಾತ್ರಿ ಬರೆದೂ ಬಿಟ್ಟೆ. ಮರುದಿನ ಮನಸ್ಸು ಒಪ್ಪದೆ ಅವರಿಗೆ ಮತ್ತೆ ಫೋನ್ ಮಾಡಿ, ಆ ಹೊತ್ತಿನಲ್ಲಿ ಬೇರೆ ಏನೇನು ಬದಲಾಗಿತ್ತೆಂದು ಕೇಳಿದೆ. ಹೈದರಾಬಾದಿನಲ್ಲಿ ಹೊಸ ವಿತರಕರು ಸಿಕ್ಕಿದ್ದರು, ಅರ್ಧ ಕಿಲೋ ಪೌಚು ಅದೇ ತಿಂಗಳು ಎಲ್ಲ ಕಿರಾಣಿ ಅಂಗಡಿಗಳಿಗೂ ಹೋಗಲು ಶುರುವಾಗಿತ್ತು. ಮಾರಾಟ ಹೆಚ್ಚಿದ್ದು ನಿಜ, ಆದರೆ ಅದರಲ್ಲಿ ಪೌಚಿನ ಪಾಲು ಎಷ್ಟೆಂದು ಅವರಿಗೂ ಹೇಳಲಾಗದು, ನನಗೂ ಹೇಳಲಾಗದು. ಆ ವಾಕ್ಯವನ್ನು ತೆಗೆದೆ. ನನ್ನ ಕೆಲಸ ಎಲ್ಲಿ ಮುಗಿಯುತ್ತದೆಯೋ ಅದಕ್ಕೆ ತೀರ ಹತ್ತಿರದ ಫಲಿತಾಂಶವನ್ನಷ್ಟೇ ನನ್ನದೆನ್ನಬಹುದು. ಸಿಲಿಂಡರ್ ಕೆಡಲಿಲ್ಲ ಎಂಬುದಕ್ಕೂ ನನ್ನ ಫೈಲಿಗೂ ನಡುವೆ ಬೇರೆ ಯಾರೂ ಇಲ್ಲ, ಮಾರಾಟಕ್ಕೂ ನನಗೂ ನಡುವೆ ವಿತರಕ, ದರ, ಬೇಳೆಯ ಗುಣ, ಅಂಗಡಿಯವನ ಕೈ ಎಲ್ಲ ಇವೆ.

ಇನ್ನೊಂದು ವಾಕ್ಯವೂ ಹೀಗೆಯೇ ಹೋಯಿತು. 2019ರಲ್ಲಿ ‘ಗುಲ್ಬರ್ಗಾ ತೂರ್ ದಾಲ್’ ಹೆಸರಿಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದ್ದು ನಮ್ಮ ಜಿಲ್ಲೆಗೆ ಹೆಮ್ಮೆಯ ಸಂಗತಿ, ‘ಜಿಐ ಮಾನ್ಯತೆಯ ತೊಗರಿಬೇಳೆಯ ಪೌಚ್ ವಿನ್ಯಾಸಕಿ’ ಎಂದು ಬರೆಯುವ ಮನಸ್ಸಾಗಿತ್ತು. ಆದರೆ ಆ ಗುರುತನ್ನು ಪೌಚಿನ ಮೇಲೆ ಹಾಕಲು ಅಧಿಕೃತ ಬಳಕೆದಾರರೆಂದು ನೋಂದಣಿ ಆಗಿರಬೇಕು. ನನ್ನ ಗ್ರಾಹಕರೆಲ್ಲ ಹಾಗೆ ನೋಂದಣಿ ಆದವರಲ್ಲದ ಕಾರಣ ಅದು ಓದುವವರನ್ನು ತಪ್ಪುದಾರಿಗೆ ಎಳೆಯುವ ಮಾತಾಗುತ್ತಿತ್ತು.

ಕೊನೆಗೆ ನಿಂತ ಪರಿಚಯ ಇದು:

‘ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ದಾಲ್ ಮಿಲ್, ಮಸಾಲೆ ಮತ್ತು ರೊಟ್ಟಿ ಘಟಕಗಳಿಗೆ ಚಿಲ್ಲರೆ ಪೌಚುಗಳ ವಿನ್ಯಾಸ ಮಾಡಿ, ಪ್ರಿಂಟಿಂಗಿಗೆ ಸಿದ್ಧವಾದ ಫೈಲು ಕೊಡುತ್ತೇನೆ. ಕಳೆದ 21 ವಿನ್ಯಾಸಗಳಲ್ಲಿ ಬರಹದ ತಪ್ಪಿನಿಂದ ಒಂದು ಸಿಲಿಂಡರನ್ನೂ ಮತ್ತೆ ಮಾಡಿಸಬೇಕಾಗಿಲ್ಲ, ಹೆಚ್ಚಿನವು ಎರಡು ತಿದ್ದುಪಡಿಗಳಲ್ಲಿ ಮುಗಿದಿವೆ. ಲೈಸೆನ್ಸ್ ನಂಬರು, ತೂಕ, ವಿಳಾಸಗಳನ್ನು ನಿಮ್ಮ ಕಾಗದಪತ್ರದ ಜೊತೆ ತಾಳೆ ನೋಡಿ, ನಿಮ್ಮ ಸಹಿಯಾದ ಮೇಲೆಯೇ ಫೈಲು ಕಳಿಸುತ್ತೇನೆ. ಲೈಸೆನ್ಸ್ ಮಾಡಿಸುವ ಮತ್ತು ಅಚ್ಚು ಹಾಕಿಸುವ ಕೆಲಸ ನನ್ನದಲ್ಲ.’

ಮೊದಲ ವಾಕ್ಯ ಒಂಟಿಯಾಗಿಯೂ ನಿಲ್ಲಬೇಕೆಂದು ಬಹಳ ಹೊತ್ತು ತಿದ್ದಿದೆ, ಯಾಕೆಂದರೆ ವಾಟ್ಸಾಪ್ ಬಿಸಿನೆಸ್ ಪ್ರೊಫೈಲಿನಲ್ಲಿ ಮತ್ತು ವಿಸಿಟಿಂಗ್ ಕಾರ್ಡಿನಲ್ಲಿ ಅದೊಂದೇ ಇರುತ್ತದೆ. ಎರಡನೆಯ ವಾಕ್ಯದಲ್ಲಿ ‘ಯಾವಾಗಲೂ’, ‘ಶೇಕಡಾ ನೂರು’ ಎಂಬ ಪದಗಳನ್ನು ಬಿಟ್ಟು, ಎಷ್ಟರಲ್ಲಿ ಎಷ್ಟು ಎಂದು ಬರೆದಿದ್ದೇನೆ. ಲೆಕ್ಕದ ತಳಹದಿ ಕಂಡರೆ ಓದುವವರು ತಾವೇ ತೂಗಿ ನೋಡಬಹುದು. ಕೊನೆಯ ವಾಕ್ಯ ಬೇಡವೆಂದು ಗೆಳತಿಯೊಬ್ಬಳು ಹೇಳಿದಳು. ಆದರೂ ಇಟ್ಟೆ, ಯಾಕೆಂದರೆ ಬರುವ ಫೋನುಗಳಲ್ಲಿ ಅರ್ಧದಷ್ಟು ಲೈಸೆನ್ಸ್ ಮಾಡಿಸಿಕೊಡಿ ಎಂದೇ ಇರುತ್ತಿದ್ದವು.

ಪ್ರಕಟಿಸುವ ಮೊದಲು ಆ ಹದಿಮೂರು ಗ್ರಾಹಕರಿಗೂ ಕಳಿಸಿ, ಇದರಲ್ಲಿ ನಿಮಗೆ ಒಪ್ಪದ ಮಾತು ಇದೆಯೇ ಎಂದು ಕೇಳಿದೆ. ಮಿಲ್ಲುಗಳ ಹೆಸರು ಹಾಕಲು ಮೂವರು ವಾಟ್ಸಾಪಿನಲ್ಲಿ ಬರೆದು ಒಪ್ಪಿಗೆ ಕೊಟ್ಟರು, ಅವರ ಪೌಚುಗಳನ್ನು ಕೆಳಗೆ ಹೆಸರಿನೊಂದಿಗೆ ತೋರಿಸಿದ್ದೇನೆ. ಕಪನೂರಿನ ಒಬ್ಬರು ತಮ್ಮ ಸಿಲಿಂಡರ್ ಖರ್ಚಿನ ಮಾತು ಎಲ್ಲೂ ಬರಬಾರದೆಂದರು, ಆದ್ದರಿಂದ ರೂಪಾಯಿಯ ಲೆಕ್ಕವನ್ನು ಪೂರ್ತಿ ಬಿಟ್ಟೆ. ಕೊನೆಯದಾಗಿ ಒಂದು ಮಿಲ್ಲಿನ ಗುಮಾಸ್ತರಿಗೆ ಫೋನಿನಲ್ಲೇ ಒಮ್ಮೆ ಓದಿಸಿ, ಪರದೆ ಮುಚ್ಚಿಸಿ, ನಾನು ಯಾರಿಗೆ ಏನು ಮಾಡುತ್ತೇನೆಂದು ಕೇಳಿದೆ. ಅವರು ಸರಿಯಾಗಿ ಹೇಳಿದರು, ಆದರೆ “ಪ್ರೂಫ್ ರೌಂಡ್ ಅಂದ್ರ ಏನ್ರಿ?” ಎಂದರು. ಆಗಿನ ಕರಡಿನಲ್ಲಿ ‘ಎರಡು ಪ್ರೂಫ್ ರೌಂಡ್’ ಎಂದಿತ್ತು. ‘ತಿದ್ದುಪಡಿ’ ಎಂಬ ಪದ ಬಂದದ್ದು ಆ ಪ್ರಶ್ನೆಯಿಂದ.

ಹೊಸ ಪರಿಚಯ ಹಾಕಿದ ನಂತರದ ಆರು ತಿಂಗಳಲ್ಲಿ ವಿಚಾರಣೆಗಳ ಸಂಖ್ಯೆ ಕಡಿಮೆಯಾಯಿತು. ಬಂದ 11 ಜನರಲ್ಲಿ 9 ಮಂದಿ ಪೌಚಿನ ಕೆಲಸಕ್ಕೇ ಬಂದವರು, ಅವರಲ್ಲಿ ನಾಲ್ವರು ಐದು ವಿನ್ಯಾಸಗಳ ಕೆಲಸ ಕೊಟ್ಟರು. ಅದರಲ್ಲಿ ಕೊನೆಯದರಲ್ಲಿ, ಮಾಲೀಕರು ಸಹಿ ಹಾಕಿದ ಮೇಲೆ ಫೋನಿನಲ್ಲಿ ಹೇಳಿದ ಒಂದು ಬದಲಾವಣೆಯನ್ನು ನಾನು ಪಟ್ಟಿಯ ಜೊತೆ ಮತ್ತೆ ತಾಳೆ ನೋಡದೆ ಫೈಲಿಗೆ ಸೇರಿಸಿದೆ. ಪಿನ್ ಕೋಡ್ ತಪ್ಪಿತು, ಕಪ್ಪು ಸಿಲಿಂಡರ್ ಮತ್ತೆ ಮಾಡಿಸಬೇಕಾಯಿತು. ಖರ್ಚನ್ನು ಕೊಟ್ಟೆ. ಅದೇ ಸಂಜೆ ಪರಿಚಯದ ಎರಡನೆಯ ವಾಕ್ಯವನ್ನು ‘ಕಳೆದ 26 ವಿನ್ಯಾಸಗಳಲ್ಲಿ ಒಂದಕ್ಕೆ ಮಾತ್ರ ಬರಹದ ತಪ್ಪಿನಿಂದ ಸಿಲಿಂಡರ್ ಮತ್ತೆ ಮಾಡಿಸಬೇಕಾಗಿದೆ’ ಎಂದು ತಿದ್ದಿದೆ. ಮರುವಾರ ಶಹಾಪುರದಿಂದ ಫೋನ್ ಮಾಡಿದ ಮಸಾಲೆ ಘಟಕದವರು ಮೊದಲು ಕೇಳಿದ್ದೇ ಆ ಒಂದರ ಬಗ್ಗೆ. ನಡೆದದ್ದನ್ನೂ, ಈಗ ಸಹಿಯ ನಂತರ ಬದಲಾವಣೆ ಬಂದರೆ ಮತ್ತೊಮ್ಮೆ ಸಹಿ ತೆಗೆದುಕೊಳ್ಳುತ್ತೇನೆಂಬುದನ್ನೂ ಹೇಳಿದೆ. ಅವರು ತಮ್ಮ ಲೈಸೆನ್ಸಿನ ಪ್ರತಿ ಕಳಿಸುವುದಾಗಿ ಹೇಳಿ ಫೋನ್ ಇಟ್ಟರು.