ಎಂಬಿಎ ಬದಲು ಎಪಿಎಚ್‌ಆರ್‌ಐ: ಕಲಬುರಗಿಯಲ್ಲಿ ಕೂತು ನಾನು ಮಾಡಿದ್ದು ಹೀಗೆ

ಎಚ್‌ಆರ್ ಕೆಲಸಕ್ಕೆ ಎಂಬಿಎ ಇಲ್ಲದೆ ಆಗಲ್ಲ ಅಂತ ನನಗೆ ಹೇಳದವರೇ ಇಲ್ಲ. ಆಫೀಸಿನ ಹಿರಿಯರು ಹೇಳಿದರು, ಮನೆಯಲ್ಲಿ ಹೇಳಿದರು. ನಾನು ಅದನ್ನು ಬಿಟ್ಟು ಎಪಿಎಚ್‌ಆರ್‌ಐ ಅನ್ನುವ ಎಚ್‌ಆರ್ ಸರ್ಟಿಫಿಕೇಟ್ ಪರೀಕ್ಷೆ ಬರೆದೆ. ನಮ್ಮ ಕಾಕಾ ಅಂತೂ, "ಮೂವತ್ತೈದು ಸಾವಿರ ಕೊಟ್ಟು ಒಂದು ಕಾಗದ ತಗೋತಿ ಏನೋ ತಮ್ಮಾ? ಅದಕ್ಕಿಂತ ಒಂದು ಎಮ್ಮಿ ತಗೊಂಡ್ರ ಹಾಲಾದ್ರೂ ಕೊಡ್ತಿತ್ತು" ಅಂದಿದ್ದರು. ಈಗ ಬೀದರ್ ಕಡೆಯ ಒಂದು ಔಷಧ ಕಂಪನಿಯಲ್ಲಿ ಎಚ್‌ಆರ್ ಎಕ್ಸಿಕ್ಯೂಟಿವ್ ಆಗಿದ್ದೇನೆ, ಸಂಬಳ ಮೊದಲಿಗಿಂತ ಹೆಚ್ಚುಕಡಿಮೆ ದುಪ್ಪಟ್ಟು. ಕಾಕಾ ಈಗ ಆ ಮಾತು ಎತ್ತಲ್ಲ.

ನನ್ನದು ಬಿಕಾಂ. ಕಲಬುರಗಿಯ ಒಬ್ಬ ಲೇಬರ್ ಕಾಂಟ್ರ್ಯಾಕ್ಟರ್ ಹತ್ತಿರ ಸಂಬಳ, ಪಿಎಫ್, ಇಎಸ್‌ಐ ನೋಡುತ್ತಿದ್ದೆ. ನಮ್ಮ ಆಳುಗಳು ಸೇಡಂ, ವಾಡಿ ಕಡೆಯ ಸಿಮೆಂಟ್ ಫ್ಯಾಕ್ಟರಿಗಳಿಗೆ ಹೋಗುತ್ತಿದ್ದರು. ತಿಂಗಳಿಗೆ ಹದಿನಾರು ಸಾವಿರದಷ್ಟು ಬರುತ್ತಿತ್ತು. ಊರಲ್ಲೇ ಖಾಸಗಿ ಕಾಲೇಜಿನ ಎಂಬಿಎ ಅಂದರೆ ಎರಡು ವರ್ಷಕ್ಕೆ ಫೀ, ಪುಸ್ತಕ, ಪ್ರಾಜೆಕ್ಟ್ ಎಲ್ಲ ಸೇರಿ ಒಂದೂವರೆ ಲಕ್ಷದ ಆಸುಪಾಸು ಅಂತ ವಿಚಾರಿಸಿ ತಿಳಿದುಕೊಂಡಿದ್ದೆ. ಆದರೆ ನಿಜವಾದ ಖರ್ಚು ಫೀ ಅಲ್ಲ. ಕೆಲಸ ಬಿಟ್ಟರೆ ಎರಡು ವರ್ಷದ ಸಂಬಳ ಹೋಗುತ್ತದೆ, ಅದೇ ಮೂರೂ ಮುಕ್ಕಾಲು ಲಕ್ಷದ ಮೇಲಾಯಿತು. ಹೀಗೆ ಐದು ಲಕ್ಷ ದಾಟುವ ಲೆಕ್ಕ. ಎಂಬಿಎ ವಿರುದ್ಧ ಮಾತಾಡೋರೂ ಪರ ಮಾತಾಡೋರೂ ಈ ಎರಡನೇ ಅಂಕಿಯನ್ನು ಮರೆತೇ ಬಿಡುತ್ತಾರೆ.

ಎಪಿಎಚ್‌ಆರ್‌ಐ ಎಚ್‌ಆರ್‌ಸಿಐ ಅನ್ನುವ ಅಮೆರಿಕದ ಸಂಸ್ಥೆಯದ್ದು. ಅನುಭವ ಕೇಳಲ್ಲ, ಅದೇ ಅದರ ದೊಡ್ಡ ಗುಣ. ಎಸ್‌ಎಚ್‌ಆರ್‌ಎಂ-ಸಿಪಿ ಅನ್ನುವ ಇನ್ನೊಂದು ಅಮೆರಿಕದ ಎಚ್‌ಆರ್ ಸರ್ಟಿಫಿಕೇಟನ್ನೂ ನೋಡಿದ್ದೆ. ಅದು 134 ಪ್ರಶ್ನೆಗಳ ದೊಡ್ಡ ಪರೀಕ್ಷೆ, ಅದರಲ್ಲೂ ಸನ್ನಿವೇಶ ಕೊಟ್ಟು ನೀವೇನು ಮಾಡ್ತೀರಿ ಅಂತ ಕೇಳುವವು ಬಹಳ. ಮಾದರಿ ಪ್ರಶ್ನೆ ಬಿಡಿಸಿ ನೋಡಿದೆ, ನಾಲ್ಕೂ ಉತ್ತರ ಸರಿ ಅನ್ನಿಸುತ್ತವೆ. ಸೂಪರ್‌ವೈಸರ್ ಮೇಲೆ ದೂರು ಬಂದರೆ ನಮ್ಮಲ್ಲಿ ಮೊದಲು ಕಾಂಟ್ರ್ಯಾಕ್ಟರ್‌ಗೆ ಫೋನ್ ಹೋಗುತ್ತದೆ. ಆ ಪರೀಕ್ಷೆಯವರಿಗೆ ಬೇಕಾದದ್ದು ಮೊದಲು ಎರಡೂ ಕಡೆ ಕೇಳಿ, ದಾಖಲೆ ನೋಡು ಅನ್ನುವ ಉತ್ತರ. ಎರಡು ಮೂರು ವರ್ಷ ಎಚ್‌ಆರ್ ಮೇಜಿನ ಹಿಂದೆ ಕೂತವರಿಗೆ ಅದು ಸರಿ. ನನ್ನಂಥವನಿಗೆ ಎಪಿಎಚ್‌ಆರ್‌ಐ ಸಾಕಾಗಿತ್ತು.

ಫೀ ಆಗ ಅರ್ಜಿಗೆ 100 ಡಾಲರ್, ಪರೀಕ್ಷೆಗೆ 300. ಅರ್ಜಿಯ 100 ವಾಪಸ್ ಬರಲ್ಲ. ರೂಪಾಯಿಗೆ ತಿರುಗಿಸಿ, ಬ್ಯಾಂಕಿನ ವಿದೇಶಿ ವಿನಿಮಯ ಶುಲ್ಕ ಸೇರಿಸಿದರೆ ಮೂವತ್ತೈದು ಸಾವಿರ ದಾಟಿತು. ದುಡ್ಡು ಕಟ್ಟೋದೇ ಒಂದು ಕಥೆ. ನನ್ನ ಡೆಬಿಟ್ ಕಾರ್ಡ್ ಮತ್ತೆ ಮತ್ತೆ ಬೇಡ ಅಂತ ತಳ್ಳಿತು. ಕಾರ್ಡಿನಲ್ಲಿ ವಿದೇಶಿ ವಹಿವಾಟು ಬಂದ್ ಇರುತ್ತದೆ, ಬ್ಯಾಂಕಿನ ಆ್ಯಪ್‌ನಲ್ಲಿ ಅದನ್ನು ಶುರು ಮಾಡಿ ಮಿತಿಯನ್ನೂ ಏರಿಸಬೇಕು.

ಹೆಸರಿನದ್ದು ಇನ್ನೊಂದು ತೊಡಕು. ನಮ್ಮ ಕಡೆ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಮುಂದೆ ಒಂದು ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು, ಆಧಾರ್‌ನಲ್ಲಿ ಮನೆತನದ ಹೆಸರು. ಪರೀಕ್ಷೆ ದಿನ ತೋರಿಸುವ ಗುರುತಿನ ಚೀಟಿಗೂ ಅರ್ಜಿಗೂ ಹೆಸರು ಹೊಂದಲೇಬೇಕು. ನಾನು ಪಾಸ್‌ಪೋರ್ಟ್ ಎದುರಿಗಿಟ್ಟುಕೊಂಡು, ಅದರಲ್ಲಿ ಇದ್ದ ಹಾಗೇ ಟೈಪ್ ಮಾಡಿದೆ.

ಮನೆಯಿಂದಲೂ ಬರೆಯಬಹುದು, ಕ್ಯಾಮೆರಾ ಮುಂದೆ. ನಮ್ಮ ಓಣಿಯ ಕರೆಂಟ್ ನಂಬಿ ಮೂವತ್ತೈದು ಸಾವಿರ ಪಣಕ್ಕಿಡೋದು ಬೇಡ ಅಂತ ಹೈದರಾಬಾದಿನ ಪಿಯರ್ಸನ್ ವಿಯುಇ ಸೆಂಟರ್‌ಗೆ ಹೋದೆ. ರೈಲು, ಒಂದು ರಾತ್ರಿ ಲಾಡ್ಜ್, ಊಟ ಎಲ್ಲ ಸೇರಿ ಎರಡು ಸಾವಿರದೊಳಗೆ ಆಯಿತು.

ಈಗ ಓದಿನ ವಿಷಯ. ಶುರುವಿನಲ್ಲಿ ಮಾಕ್ ಟೆಸ್ಟ್‌ಗಳಲ್ಲಿ ಅರ್ಧಕ್ಕರ್ಧ ತಪ್ಪು ಬರುತ್ತಿತ್ತು, ದಿನಕ್ಕೆ ಎರಡು ಗಂಟೆ ಓದಿದರೂ ಮೇಲೇರಲ್ಲ. ಕಾರಣ ತಿಳಿಯೋಕೆ ವಾರಗಳು ಹಿಡಿದವು. ಅಗ್ಗಕ್ಕೆ ಸಿಗುವ ಪುಸ್ತಕ, ಪ್ರಶ್ನೆಪತ್ರಿಕೆಗಳು ಹೆಚ್ಚಾಗಿ ಎಪಿಎಚ್‌ಆರ್‌ಗೆ, ಅಂದರೆ ಅಮೆರಿಕದೊಳಗಿನವರ ಪರೀಕ್ಷೆಗೆ ಮಾಡಿದ್ದು. ಕೊನೆಯ 'ಐ' ಇರುವುದು ಹೊರದೇಶದವರದ್ದು, ಅದರಲ್ಲಿ ಅಮೆರಿಕದ ಕಾನೂನು ಕೇಳಲ್ಲ. ನಾನೋ, ಎಫ್‌ಎಂಎಲ್‌ಎ ಅನ್ನುವ ಅಲ್ಲಿನ ರಜೆ ಕಾನೂನಿನ ಪ್ರಕಾರ ಹನ್ನೆರಡು ವಾರ ಸಂಬಳವಿಲ್ಲದ ರಜೆ ಅಂತ ಬಾಯಿಪಾಠ ಮಾಡುತ್ತಿದ್ದೆ! ಗುರುತು ಹಿಡಿಯೋದು ಸುಲಭ. ಪ್ರಶ್ನೆಯಲ್ಲಿ ಎಫ್‌ಎಂಎಲ್‌ಎ, ಎಫ್‌ಎಲ್‌ಎಸ್‌ಎ, ಇಇಒಸಿ ಅಂತ ಅಮೆರಿಕದ ಕಾನೂನು, ಸಂಸ್ಥೆಗಳ ಹೆಸರು ಬಂದರೆ ಹಾರಿಸಿ ಮುಂದೆ ಹೋಗಿ. ಎಚ್‌ಆರ್‌ಸಿಐ ತನ್ನ ಜಾಲತಾಣದಲ್ಲಿ ಪರೀಕ್ಷೆಯ ವಿಷಯಪಟ್ಟಿಯನ್ನು ಪುಕ್ಕಟೆ ಕೊಡುತ್ತದೆ. ಕೊನೆಗೆ ಅದನ್ನೇ ಹಿಡಿದೆ.

ಪಟ್ಟಿಯ ಪ್ರತಿ ಸಾಲಿಗೂ ನಮ್ಮ ಆಫೀಸಿನ ಒಂದು ಫೈಲ್ ಹುಡುಕಿದೆ. ಆನ್‌ಬೋರ್ಡಿಂಗ್ ಅಂದರೆ ಹೊಸ ಹೆಲ್ಪರ್ ಬಂದ ದಿನ ನಾನು ಕಟ್ಟುವ ಫೈಲು: ಆಧಾರ್, ಪಾಸ್‌ಬುಕ್ ಜೆರಾಕ್ಸ್, ಪಿಎಫ್‌ನ ಫಾರ್ಮ್ 11, ನಾಮಿನೇಷನ್. ಆ ಫೈಲ್ ತೆಗೆದು ನೋಡಿದಾಗ ಅದರಲ್ಲಿ ಏನಿಲ್ಲ ಅನ್ನೋದೂ ಕಂಡಿತು. ಅವನ ಕೆಲಸ ಏನು, ಯಾರ ಕೈಕೆಳಗೆ, ಯಾವ ಸುರಕ್ಷತಾ ತರಬೇತಿ ಕೊಟ್ಟೆವು, ಒಂದು ಸಾಲೂ ಇಲ್ಲ. ಪರೀಕ್ಷೆ ಕೇಳೋದು ಅದನ್ನೇ. ಶಿಸ್ತುಕ್ರಮವೂ ಹಾಗೇ. ನಮ್ಮಲ್ಲಿ ಶೋಕಾಸ್ ನೋಟಿಸ್, ಚಾರ್ಜ್‌ಶೀಟ್, ಆಮೇಲೆ ವಿಚಾರಣೆ. ಪುಸ್ತಕದಲ್ಲಿ ಬಾಯಿಮಾತಿನ ಎಚ್ಚರಿಕೆ, ಲಿಖಿತ ಎಚ್ಚರಿಕೆ, ಅಮಾನತು, ಕೊನೆಗೆ ವಜಾ. ಎರಡನ್ನೂ ಒಂದೇ ಪುಟದಲ್ಲಿ ಎದುರು ಬದುರು ಬರೆದೆ. ಒಂದೂವರೆ ತಿಂಗಳಲ್ಲಿ ನನ್ನ ಮಾಕ್ ಅಂಕ ನೂರಕ್ಕೆ ಎಂಬತ್ತರ ಹತ್ತಿರ ಬಂತು. ಯಾವ ಪ್ರಶ್ನೆಸಂಗ್ರಹ ಬಳಸಿದೆ, ಕೊನೆಯ ಹತ್ತು ದಿನ ಏನು ಮಾಡಿದೆ ಅಂತ ಕೇಳಬೇಡಿ. ಈಗ ಅದನ್ನೇ ನಾಲ್ಕು ಹುಡುಗರಿಗೆ ದುಡ್ಡು ತಗೊಂಡು ಹೇಳಿಕೊಡುತ್ತಿದ್ದೇನೆ.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ಗೆಳೆಯನ ಮಾವನದ್ದು ತೊಗರಿಬೇಳೆ ಮಿಲ್. ಅಟ್ರಿಷನ್ ದರ, ಅಂದರೆ ವರ್ಷದಲ್ಲಿ ಎಷ್ಟು ಜನ ಬಿಟ್ಟು ಹೋದರು ಅನ್ನೋ ಲೆಕ್ಕವನ್ನು ಅಲ್ಲಿ ಹಾಕಿದೆ. ಸರಾಸರಿ ಹದಿನೆಂಟು ಜನ ಕೆಲಸದಲ್ಲಿ, ವರ್ಷದಲ್ಲಿ ಬಿಟ್ಟವರು ಇಪ್ಪತ್ತೇಳು. 27 ಭಾಗ 18, ನೂರಕ್ಕೆ 150. ನಾನು ಗಾಬರಿಯಾದೆ, ಮಾಲೀಕರು ನಕ್ಕರು. "ಸೀಜನ್ ಮುಗಿದ್ರ ಹೋಗ್ತಾರ, ಹೊಸ ತೊಗರಿ ಬಂದ್ರ ಅವರೇ ಬರ್ತಾರ." ಹೆಸರುಗಳನ್ನು ಹಿಂದಿನ ವರ್ಷದ ಮಸ್ಟರ್ ಜೊತೆ ತಾಳೆ ಹಾಕಿದೆ. ಬಿಟ್ಟವರಲ್ಲಿ ಮೂರರಲ್ಲಿ ಎರಡು ಪಾಲು ಹಳಬರೇ, ಮತ್ತೆ ಬರೋರೇ. ಪುಸ್ತಕದ ಸೂತ್ರ ಸರಿ, ಹಾಕಿದ ಜಾಗ ಸರಿಯಿಲ್ಲ. ಪರೀಕ್ಷೆಗೆ ಅದರಿಂದ ಏನೂ ಸಿಗಲಿಲ್ಲ, ಇಂಟರ್‌ವ್ಯೂನಲ್ಲಿ ಹೇಳೋಕೆ ಒಳ್ಳೆ ಸರಕಾಯಿತು.

ಪರೀಕ್ಷೆಯಲ್ಲಿ ಒಟ್ಟು 90 ಪ್ರಶ್ನೆ, ಒಂದೂ ಮುಕ್ಕಾಲು ಗಂಟೆ. ಅದರಲ್ಲಿ 25 ಅಂಕಕ್ಕೆ ಸೇರಲ್ಲ, ಮುಂದಿನ ಪರೀಕ್ಷೆಗಳಿಗೆ ಅವರು ಪರೀಕ್ಷಿಸಿ ನೋಡುವವು. ಯಾವುದು ಅಂತ ಗೊತ್ತಾಗಲ್ಲ. ಹಾಗಾಗಿ ವಿಚಿತ್ರ ಪ್ರಶ್ನೆ ಬಂದರೆ ಅಲ್ಲೇ ಕೂರಬೇಡಿ. ಮುಗಿದ ಕೂಡಲೇ ಪಾಸ್ ಅಂತ ಪರದೆ ಮೇಲೆ ಬಂತು.

ಆಮೇಲೆ ಏನಾಯಿತು? ಏನೂ ಆಗಲಿಲ್ಲ. ಮೂರು ನಾಲ್ಕು ತಿಂಗಳು ರೆಸ್ಯೂಮೆ ಕಳಿಸಿದೆ, ಫೋನ್ ಇಲ್ಲ. ಸಿಮೆಂಟ್ ಫ್ಯಾಕ್ಟರಿಯೊಂದರ ವೆಲ್ಫೇರ್ ಆಫೀಸರ್ ಹುದ್ದೆಗೆ ಹಾಕಿದ್ದಂತೂ ನೋಡದೇ ಬದಿಗಿಟ್ಟರು. ಅದು ಸರಿಯೇ. 1948ರ ಕಾರ್ಖಾನೆ ಕಾಯ್ದೆಯ 49ನೇ ಸೆಕ್ಷನ್ ಪ್ರಕಾರ 500 ಕಾರ್ಮಿಕರಿದ್ದಲ್ಲಿ ವೆಲ್ಫೇರ್ ಆಫೀಸರ್ ಇರಬೇಕಿತ್ತು, ಅವರ ವಿದ್ಯಾರ್ಹತೆಯನ್ನು ರಾಜ್ಯ ಸರ್ಕಾರ ಗೊತ್ತುಮಾಡುತ್ತಿತ್ತು. 2025ರ ನವೆಂಬರ್‌ನಲ್ಲಿ ಆ ಕಾಯ್ದೆಯ ಜಾಗಕ್ಕೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಆ ಸಂಖ್ಯೆ 250. ಅಲ್ಲಿ ವಿಶ್ವವಿದ್ಯಾಲಯದ ಪದವಿ ಬೇಕು, ಅಮೆರಿಕದ ಸರ್ಟಿಫಿಕೇಟ್ ಎಷ್ಟು ದುಬಾರಿಯಾದರೂ ಲೆಕ್ಕಕ್ಕಿಲ್ಲ. ಈ ಹುದ್ದೆಯೇ ನಿಮ್ಮ ಗುರಿಯಾದರೆ ಎಪಿಎಚ್‌ಆರ್‌ಐಗೆ ಒಂದು ರೂಪಾಯಿ ಹಾಕಬೇಡಿ. ನಿಯಮದಲ್ಲಿ ಯಾವ ಪದವಿ ಬರೆದಿದೆ ಅಂತ ಓದಿ, ಅದನ್ನೇ ಮಾಡಿ. ಎಂಎಸ್‌ಡಬ್ಲ್ಯೂ ಮಾಡಿದವರು ಇಲ್ಲಿ ಎಂಬಿಎಯವರಿಗಿಂತ ಮುಂದೆ ಹೋಗಿದ್ದನ್ನೂ ನೋಡಿದ್ದೇನೆ.

ತಿರುವು ಬಂದದ್ದು ರೆಸ್ಯೂಮೆ ಬದಲಿಸಿದ ಮೇಲೆ. ಮೊದಲು 'ಪಿಎಫ್, ಇಎಸ್‌ಐ ಕೆಲಸ' ಅಂತ ಒಂದೇ ಸಾಲಿತ್ತು. ಎಷ್ಟು ಜನರ ಸಂಬಳ, ಯಾವ ರಿಟರ್ನ್, ತಪಾಸಣೆ ಬಂದಾಗ ಏನು ತೋರಿಸಿದೆ ಅಂತ ಪರೀಕ್ಷೆಯ ವಿಷಯಪಟ್ಟಿಯ ಮಾತಿನಲ್ಲೇ ಬರೆದೆ. ಮೇಲಿನ ಸಾಲಿನಲ್ಲಿ ಏನಿಟ್ಟೆ ಅನ್ನೋದು ನನ್ನ ಹತ್ತಿರವೇ ಇರಲಿ. ಔಷಧ ಕಂಪನಿಯಿಂದ ಕರೆ ಬಂತು. ಸರ್ಟಿಫಿಕೇಟ್ ಮಾಡಿದ್ದು ಅಷ್ಟೇ: ಅಲ್ಲಿನ ಎಚ್‌ಆರ್ ಮ್ಯಾನೇಜರ್ ಆ ಹೆಸರು ಕೇಳಿದ್ದರು, ಫೈಲ್ ತೆರೆದರು.

ಇಂಟರ್‌ವ್ಯೂನಲ್ಲಿ ನನ್ನ ಜೊತೆ ಇಬ್ಬರು ಎಂಬಿಎ ಮುಗಿಸಿದವರಿದ್ದರು. ಎಲ್ಲರಿಗೂ ಒಂದೇ ಪ್ರಶ್ನೆ. ಒಬ್ಬ ಕಾರ್ಮಿಕನ ಸಂಬಳ 20,500. ಜೂನ್‌ನಲ್ಲಿ 22,000 ಆಯಿತು. ಇಎಸ್‌ಐಗೆ ಸೇರಲು ಸಂಬಳದ ಮಿತಿ 21,000. ಏನು ಮಾಡ್ತೀರಿ? ಅವರಿಬ್ಬರೂ ಜೂನ್‌ನಿಂದ ಇಎಸ್‌ಐ ಕಡಿತ ನಿಲ್ಲಿಸ್ತೀವಿ ಅಂದರಂತೆ, ಹೊರಗೆ ಬಂದು ಅವರೇ ಹೇಳಿದ್ದು. ನಿಲ್ಲಿಸುವಂತಿಲ್ಲ. ವಂತಿಗೆ ಅವಧಿ ಏಪ್ರಿಲ್‌ನಿಂದ ಸೆಪ್ಟೆಂಬರ್, ಆ ಅವಧಿ ಮುಗಿಯುವವರೆಗೆ ಅವನು ಒಳಗೇ. ಕಡಿತವೂ 21,000ದ ಮೇಲಲ್ಲ, ಪೂರ್ತಿ 22,000ದ ಮೇಲೆ: ಅವನಿಂದ 0.75 ಪರ್ಸೆಂಟ್, 165 ರೂಪಾಯಿ, ಕಂಪನಿಯಿಂದ 3.25 ಪರ್ಸೆಂಟ್, 715 ರೂಪಾಯಿ. ಅಕ್ಟೋಬರ್‌ನಿಂದ ಹೊರಗೆ. ಪೆನ್ನು ಹಿಡಿಯದೇ ಹೇಳಿದೆ. ಇದನ್ನು ನನಗೆ ಎಪಿಎಚ್‌ಆರ್‌ಐಯೂ ಕಲಿಸಿಲ್ಲ, ಕಾಂಟ್ರ್ಯಾಕ್ಟರ್ ಆಫೀಸಿನಲ್ಲಿ ವಂತಿಗೆ ಕಟ್ಟುವ ತಿಂಗಳ ಹದಿನೈದನೇ ತಾರೀಕು ಕಲಿಸಿದ್ದು.

ಎಂಬಿಎಯವರ ಮೇಲುಗೈಯೂ ಈಗ ದಿನಾ ಕಾಣುತ್ತದೆ. ಬಜೆಟ್ ಮೀಟಿಂಗಿನಲ್ಲಿ ಹೊಸ ಹುದ್ದೆ ಕೇಳುವಾಗ ಅದು ಕಂಪನಿಗೆ ಎಷ್ಟು ಉಳಿಸುತ್ತದೆ ಅಂತ ಅವರು ಎಕ್ಸೆಲ್‌ನಲ್ಲಿ ತೋರಿಸುತ್ತಾರೆ, ನಾನು ಬಾಯಲ್ಲಿ ಹೇಳುತ್ತೇನೆ. ಮ್ಯಾನೇಜರ್ ಹುದ್ದೆಯ ಜಾಹೀರಾತಿನಲ್ಲಿ 'ಎಂಬಿಎ ಅಥವಾ ಸಮಾನ' ಅಂತಲೇ ಇರುತ್ತದೆ. ಅದಕ್ಕೇ ಇಗ್ನೋದ ದೂರಶಿಕ್ಷಣ ಎಂಬಿಎ ವಿಚಾರಿಸುತ್ತಿದ್ದೇನೆ. ಆದರೆ ಈ ಸಲ ಕೆಲಸ ಬಿಡದೆ, ನನ್ನ ಸಂಬಳದಲ್ಲೇ ಫೀ ಕಟ್ಟಿ.

ಅಂದಹಾಗೆ, ಸರ್ಟಿಫಿಕೇಟ್ ಮೂರು ವರ್ಷಕ್ಕೆ ಮಾತ್ರ. ಆಮೇಲೆ 45 ಕ್ರೆಡಿಟ್ ತೋರಿಸಬೇಕು, ಇಲ್ಲವೇ ಮತ್ತೆ ಪರೀಕ್ಷೆ ಬರೆಯಬೇಕು. ಕ್ರೆಡಿಟ್ ಸಿಗುವ ಪುಕ್ಕಟೆ ವೆಬಿನಾರ್‌ಗಳು ಬೇಕಾದಷ್ಟಿವೆ, ಹೆಚ್ಚಿನವು ನಮ್ಮ ರಾತ್ರಿ ಹೊತ್ತಿಗೆ. ನನ್ನದು ಅರ್ಧದಷ್ಟು ಆಗಿದೆ, ನವೀಕರಣದ ಫೀಯನ್ನು ಈ ಸಲ ಕಂಪನಿಯಿಂದಲೇ ಕಟ್ಟಿಸುವ ಅರ್ಜಿ ಮ್ಯಾನೇಜರ್ ಟೇಬಲ್ ಮೇಲಿದೆ.